ಅಧ್ಯಕ್ಷರ ಬಾಯಲ್ಲಿ ಸಂಜೆಯ ತರಗತಿ

ಅಂದು ಬೆಳಿಗ್ಗೆ ನೀರು ಹಿಡಿದೆ, ಇವರ ಡಬ್ಬಿಗೆ ಚಪಾತಿ ಪಲ್ಯ ಹಾಕಿದೆ, ಇಸ್ತ್ರಿಗೆ ಬಟ್ಟೆ ಕೊಟ್ಟೆ, ಗ್ಯಾಸ್ ಬುಕ್ ಮಾಡಿದೆ, ಭಾಂಡುಪ್‌ನ ನಮ್ಮ ಹೊಲಿಗೆ ತರಬೇತಿ ಸಂಸ್ಥೆಯ ಬೀಗ ತೆಗೆದೆ. ಸಂಜೆ ಪ್ರಮಾಣಪತ್ರ ವಿತರಣೆಯಿತ್ತು. ಕನ್ನಡ ಪತ್ರಿಕೆಗಳಿಗೆ ಪ್ರಕಟಣೆ ಬರೆಯುವುದು ನನ್ನ ಪಾಲಿನ ಕೆಲಸ. ಸಭೆ ಮುಗಿದ ಮೇಲೆ ಬರೆಯಲು ಕುಳಿತರೆ ಪತ್ರಿಕೆಯವರು ಪುಟ ಕಟ್ಟುವ ಹೊತ್ತು ಮೀರುತ್ತದೆ. ಹಾಗಾಗಿ ಮಧ್ಯಾಹ್ನವೇ ‘ಜರುಗಿತು’, ‘ನುಡಿದರು’ ಎಂದೆಲ್ಲ ಬರೆದಿಟ್ಟು, ಸಭೆಯಾದ ಕೂಡಲೇ ತಿದ್ದಿ, ಫೋಟೋ ಸೇರಿಸಿ ಕಳಿಸುವುದು ರೂಢಿ.

ಹೊಲಿಗೆ ಕಲಿಸುವ ಟೀಚರ್ ಹುಬ್ಬಳ್ಳಿ ಕಡೆಯವರು. ಅವರಿಗಿದ್ದದ್ದು ಸಂಜೆಯ ತರಗತಿ ಒಂದೇ. ಆ ತಿಂಗಳು ಹೊಸಬರು ಸೇರದಿದ್ದರೆ ಅದನ್ನು ಮುಚ್ಚುವುದೆಂದು ಸಮಿತಿ ತೀರ್ಮಾನಿಸಿತ್ತು.

“ಅಕ್ಕಾರ, ಅಡ್ಮಿಷನ್ ಚಾಲೂ ಅದ ಅಂತ ಬರದೀರಿಲ್ರೀ?”

“ಬರೆದಿದೀನಮ್ಮ, ಕೊನೇಲಿ.”

“ಹೋದ ಸಲಾನೂ ಕೊನಿಗೇ ಇತ್ತಲ್ರೀ. ಪೇಪರ್‌ನ್ಯಾಗ ಹಾರ ತುರಾಯಿ ಎಲ್ಲಾ ಬಂತು, ನನ್ನ ಕ್ಲಾಸ್ ಬರಲಿಲ್ಲ.”

ನಿಜ. ಜಾಗ ಸಾಲದಾಗ ಪತ್ರಿಕೆಯವರು ಕೆಳಗಿನಿಂದ ಕತ್ತರಿಸುತ್ತಾರೆ. ಮೇಲೆ ಶೀರ್ಷಿಕೆ, ಸ್ಥಳ, ಮುಖ್ಯ ಅತಿಥಿಗಳು, ವೇದಿಕೆಯ ಮೇಲಿರುವವರ ಹೆಸರುಗಳು. ಒಂದು ಹೆಸರು ಕೆಳಗಿಳಿದರೂ ಮುನಿಸು. ಪತ್ರಿಕೆಯವರು ಮುಟ್ಟದಿರುವುದು ನಮ್ಮ ಸಂಸ್ಥೆಯ ಅಧ್ಯಕ್ಷರ ಮಾತು ಒಂದೇ. ಬಹಳ ಯೋಚಿಸುವ ಶಕ್ತಿ ಉಳಿದಿರಲಿಲ್ಲ. ಅಲ್ಲಿಗೇ ಸೇರಿಸಿದೆ: “‘ದುಡಿಯುವ ಹೆಣ್ಣುಮಕ್ಕಳಿಗೆಂದೇ ನಮ್ಮ ಸಂಜೆಯ ಹೊಲಿಗೆ ತರಗತಿ ಇದೆ. ಹೊಸ ಪ್ರವೇಶ ಆರಂಭವಾಗಿದೆ, ಈ ತಿಂಗಳೊಳಗೆ ಸೇರಿಕೊಳ್ಳಿ’ ಎಂದು ಅಧ್ಯಕ್ಷರು ಕರೆ ನೀಡಿದರು.”

ಒಪ್ಪಿಗೆಗೆ ಅಧ್ಯಕ್ಷರಿಗೆ ವಾಟ್ಸಾಪ್ ಮಾಡಿದೆ. ಅವರದು ಗ್ರಾಂಟ್ ರೋಡ್‌ನಲ್ಲಿ ಹೋಟೆಲು. ಗಲ್ಲಾದಿಂದಲೇ ಫೋನ್ ಬಂತು.

“ಇದು ನಾನು ಯಾವಾಗ ಹೇಳಿದ್ದು ಮಾರಾಯ್ರೇ?”

“ಸಂಜೆ ಹೇಳ್ತೀರಿ ಸರ್.”

“ನಾನು ಸಂಸ್ಕೃತಿ ಬಗ್ಗೆ ಮಾತಾಡುವ ಅಂತ ಇದ್ದೆ.”

“ಅದನ್ನೂ ಹೇಳಿ. ಇದನ್ನು ಹೇಳದಿದ್ರೆ ಮಾತ್ರ ನಾನು ತೆಗೀಬೇಕಾಗುತ್ತೆ.”

“ನೀವು ಭಾರೀ ಗಟ್ಟಿಗರು,” ಎಂದು ಫೋನಿಟ್ಟರು.

ಸಂಜೆ ಅವರು ಸಂಸ್ಕೃತಿಯ ಬಗ್ಗೆ ಮಾತಾಡಿದರು, ಮಾತಾಡಿದರು. ಟೀಚರ್ ಬಾಗಿಲ ಬಳಿ ಪ್ರಮಾಣಪತ್ರಗಳ ತಟ್ಟೆ ಹಿಡಿದು ನಿಂತಿದ್ದರು. ಆ ಸಾಲನ್ನು ಅಳಿಸಲು ಬೆರಳು ಮೊಬೈಲಿನ ಮೇಲಿಟ್ಟು ನಾನು ಕಾದೆ. ಅಧ್ಯಕ್ಷರು ವಂದನೆ ಹೇಳಿ ಎರಡು ಹೆಜ್ಜೆ ಹೋದವರು ತಿರುಗಿ ಬಂದು, ಜೇಬಿನಿಂದ ಫೋನ್ ತೆಗೆದು, ನನ್ನ ಸಾಲನ್ನು ಅಕ್ಷರ ಬಿಡದೆ ಓದಿದರು. ಚಪ್ಪಾಳೆ ಬಿತ್ತು. ನಾನು ಕಳಿಸಿದೆ.

ಮನೆಯ ಮೆಟ್ಟಿಲು ಹತ್ತುವಾಗ ಪತ್ರಿಕೆಯಿಂದ ಉತ್ತರ ಬಂತು: ವೇದಿಕೆಯ ಹೆಸರುಗಳಲ್ಲಿ ಅರ್ಧ ತೆಗೆದಿದ್ದೇವೆ, ಅಧ್ಯಕ್ಷರ ಮಾತು ಇದೆ.

ಟೀಚರ್‌ಗೆ ಫೋನ್ ಮಾಡಿದೆ. “ಉಳೀತಮ್ಮ.”

“ಭಾಳ ಉಪಕಾರ ಆತ್ರೀ ಅಕ್ಕಾರ. ಇನ್ನ ಹುಡುಗ್ಯಾರು ಬರಬೇಕಲ್ರೀ.”

ಹುಡುಗಿಯರು ಬರುತ್ತಾರೋ ಇಲ್ಲವೋ, ಹೆಸರು ಹೋದವರ ಫೋನುಗಳು ನಾಳೆ ಬರುವುದಂತೂ ಖಂಡಿತ. ಅನ್ನ, ಬೇಳೆಸಾರು, ಸುಟ್ಟ ಹಪ್ಪಳ ತಿಂದೆವು. ಇವರು ಮೊದಲು ಮಲಗಿದರು.