ಮೊಳೆಗೆ ನೇತುಹಾಕಿದ ಹೆಸರು

ಔಷಧದ ಅಂಗಡಿಯ ಗೋಡೆಯಲ್ಲಿ ಗಾಜಿನ ಚೌಕಟ್ಟಿನೊಳಗೆ ಯಾರ ಹೆಸರಿದೆಯೋ, ಆ ಫಾರ್ಮಸಿಸ್ಟ್ ಎಷ್ಟೋ ಅಂಗಡಿಗಳಲ್ಲಿ ಇರುವುದೇ ಇಲ್ಲ. ಇದು ನಿಮಗೆ ಗೊತ್ತಿರಬೇಕಾದ ವಿಷಯ. ಗೊತ್ತಿಲ್ಲವೆಂದರೆ, ಕೌಂಟರಿನ ಈಚೆ ನಿಂತು ಇಷ್ಟು ವರ್ಷ ನೀವು ನೋಡುತ್ತಿದ್ದದ್ದಾದರೂ ಏನನ್ನು?

ನಮ್ಮ ಬೀದಿಯ ಅಂಗಡಿಯ ಆ ಚೌಕಟ್ಟಿನಲ್ಲಿರುವ ಹೆಸರು ಎದುರು ಸಾಲಿನ ಮೂರನೇ ಮನೆಯ ಸೊಸೆಯದು. ಮದುವೆಗೆ ಮುಂಚಿನಿಂದಲೂ ಆಕೆ ಮಾತ್ರೆ ತಯಾರಿಸುವ ಕಾರ್ಖಾನೆಯ ಪರೀಕ್ಷಾ ಕೊಠಡಿಯಲ್ಲಿದ್ದಳು. ಒಂದು ಮಾತ್ರೆ ಎಷ್ಟು ನಿಮಿಷಕ್ಕೆ ಕರಗುತ್ತದೆ, ಹೇಳಿದಷ್ಟು ಔಷಧ ಅದರಲ್ಲಿ ನಿಜಕ್ಕೂ ಇದೆಯೇ ಎಂದು ನೋಡುವ ಕೆಲಸ. ಅನುಮಾನ ಪಡುವುದಕ್ಕೇ ಸಂಬಳ. ಮೊದಲ ಮಗಳು ಹುಟ್ಟಿದಾಗ ಆರು ತಿಂಗಳ ರಜೆ ಎಂದು ಹೊರಟವಳು ಎರಡನೆಯವಳೂ ಹುಟ್ಟಿ, ಹನ್ನೊಂದು ವರ್ಷ ಮನೆಯಲ್ಲೇ ಉಳಿದಳು. ಆದರೆ ಒಂದು ಕೆಲಸ ಬಿಡಲಿಲ್ಲ. ಫಾರ್ಮಸಿಸ್ಟ್ ನೋಂದಣಿಯನ್ನು ತಪ್ಪದೆ ನವೀಕರಿಸಿಕೊಂಡು ಬಂದಳು. ಪ್ರಮಾಣಪತ್ರ ಬೀರುವಿನಲ್ಲಿ ಸೀರೆಗಳ ಕೆಳಗಿತ್ತು.

ಚಿಕ್ಕವಳು ಪೂರ್ತಿ ದಿನದ ಶಾಲೆಗೆ ಹೋಗತೊಡಗಿದ ವಾರವೇ ಆಕೆ ಹಳೆಯ ಕಾರ್ಖಾನೆಗೆ ಅರ್ಜಿ ಹಾಕಿದಳು. ಸಂದರ್ಶನಕ್ಕೆ ಕೂತಿದ್ದವನು ಒಂದು ಕಾಲದಲ್ಲಿ ಆಕೆಯ ಕೈಕೆಳಗೆ ಕಲಿತವನು. ಈಗ ವಿಭಾಗದ ಮುಖ್ಯಸ್ಥ.

"ಬನ್ನಿ ಅಕ್ಕ, ಕೂತ್ಕೊಳ್ಳಿ. ಮಷಿನ್ನೆಲ್ಲ ಬದಲಾಗಿವೆ, ನೋಡಿದ್ರೆ ನಿಮಗೆ ಗುರುತೇ ಸಿಗಲ್ಲ."

"ನಿನ್ನ ಗುರುತು ಸಿಕ್ಕಿತಲ್ಲ, ಮಷಿನ್ನಿಂದೂ ಸಿಗುತ್ತೆ ಬಿಡು."

ಅವನು ನಕ್ಕ. ಆಮೇಲೆ ಫೈಲು ನೋಡುತ್ತಾ ಕೇಳಿದ: "ಮಕ್ಕಳಿಗೆ ಜ್ವರ ಬಂದ್ರೆ ಶಿಫ್ಟಿಗೆ ಯಾರು ಬರ್ತಾರೆ ಅಕ್ಕ?"

ಅವನಿಗೂ ಇಬ್ಬರು ಮಕ್ಕಳು. ಅವನ ಸಂದರ್ಶನದಲ್ಲಿ ಈ ಪ್ರಶ್ನೆಯನ್ನು ಯಾರೂ ಕೇಳಿರಲಿಲ್ಲ. ಟ್ರೈನಿಯಾಗಿ, ಮೂರೂ ಶಿಫ್ಟಿನಲ್ಲಿ, ಒಂದು ವರ್ಷ ಮಾಡಿದರೆ ಆಮೇಲೆ ನೋಡೋಣ ಎಂದ. ನಡುವೆ ಹನ್ನೊಂದು ವರ್ಷದ ಖಾಲಿ ಜಾಗ ಇದೆಯಲ್ಲ ಎಂದು ಎರಡು ಸಲ ಹೇಳಿದ. ಇಬ್ಬರು ಮಕ್ಕಳನ್ನು ಬೆಳೆಸಿದ ಕಾಲಕ್ಕೆ ನಮ್ಮ ಕಚೇರಿಗಳು ಇಟ್ಟಿರುವ ಹೆಸರು ನೋಡಿ: ಖಾಲಿ ಜಾಗ.

ಆ ಖಾಲಿ ಜಾಗದ ವಾಸನೆ ಹಿಡಿದು ಬಂದವನು ಬೀದಿಯ ಔಷಧದಂಗಡಿ ಯಜಮಾನ. ಆಕೆಯ ಗಂಡನ ಪರಿಚಯದವನು. ಮನೆಗೇ ಬಂದ, ಚಪ್ಪಲಿಯನ್ನು ಜೋಡಿಸಿಟ್ಟು ಒಳಗೆ ಬಂದ.

"ತಂಗಿ, ನೀನು ನನ್ನ ಸ್ವಂತ ತಂಗಿ ಇದ್ದ ಹಾಗೆ. ಮಕ್ಕಳನ್ನ ಬಿಟ್ಟು ನೀನ್ಯಾಕೆ ಒದ್ದಾಡ್ಬೇಕು? ಸರ್ಟಿಫಿಕೇಟ್ ನನ್ನ ಅಂಗಡೀಲಿರಲಿ. ಪತ್ರದಲ್ಲಿ ನೀನೇ ಪೂರ್ತಿ ದಿನದ ಫಾರ್ಮಸಿಸ್ಟ್. ನೀನು ಬರೋದೇ ಬೇಡ. ಒಂದು ವರ್ಷ ಆದ್ಮೇಲೆ ಅನುಭವದ ಪತ್ರ ಬರ್ಕೊಡ್ತೀನಿ. ಆ ಕಾರ್ಖಾನೆಯೋರ ಬಾಯಿ ಮುಚ್ಚುತ್ತೆ."

ಕೆಲಸದ ಮಾತಿಗೆ ಮುಂಚೆ ತಂಗಿ ಎನ್ನುವವರನ್ನು ಕಂಡರೆ ನನ್ನ ಕಿವಿ ನೆಟ್ಟಗಾಗುತ್ತದೆ. ಆಕೆಗೂ ಹಾಗೇ ಆಯಿತಂತೆ.

"ಬರದೇ ಇರೋಳಿಗೆ ಕೆಲಸ ಯಾಕೆ ಕೊಡ್ತಾರೆ ರೀ ಯಾರಾದ್ರೂ?" ಅವನು ಹೋದ ಮೇಲೆ ಗಂಡನನ್ನು ಕೇಳಿದಳು.

"ಎಲ್ಲದಕ್ಕೂ ನಿಂಗೆ ಅನುಮಾನ. ಊರೆಲ್ಲ ಹೀಗೇ ನಡೀತಿದೆ."

"ಒಳ್ಳೇದಾಯ್ತಲ್ಲೇ," ಅತ್ತೆಯೂ ಸೇರಿಕೊಂಡರು. "ಕೆಲಸಕ್ಕೆ ಹೋದ ಹಾಗೂ ಆಯ್ತು, ಮನೇಲಿದ್ದ ಹಾಗೂ ಆಯ್ತು."

ಅನುಮಾನವಿದ್ದೂ ಆಕೆ ನೇಮಕದ ಪತ್ರಕ್ಕೆ ಸಹಿ ಹಾಕಿ ಪ್ರಮಾಣಪತ್ರ ಕೊಟ್ಟಳು. ಇದನ್ನು ಮುಚ್ಚಿಡಲಾರೆ, ಆಕೆಯೂ ಮುಚ್ಚಿಡುವುದಿಲ್ಲ. ಅನುಭವದ ಪತ್ರದ ಆಸೆ. ಖಾಲಿ ಜಾಗ ಎಂಬ ಮಾತನ್ನು ಎರಡು ಸಲ ಕೇಳಿಸಿಕೊಂಡವರಿಗೆ ಆ ಆಸೆ ಅರ್ಥವಾಗುತ್ತದೆ.

ಎರಡು ವಾರ ಕಳೆಯಿತು. ಮಾತ್ರೆ ಕರಗಿಸಿ ನೋಡಿದ ಕೈ ಸುಮ್ಮನಿರುತ್ತದೆಯೇ? ಮಕ್ಕಳನ್ನು ಶಾಲೆಗೆ ಬಿಟ್ಟು ಒಂದು ಬೆಳಗ್ಗೆ ಗಿರಾಕಿಯ ಹಾಗೆ ಅಂಗಡಿಗೆ ಹೋಗಿ ಒಂದು ಕೆಮ್ಮಿನ ಗುಳಿಗೆ ಪಟ್ಟಿ ಕೇಳಿದಳು. ಯಜಮಾನ ಇರಲಿಲ್ಲ. ಕೌಂಟರಿನಲ್ಲಿದ್ದವನಿಗೆ ಬೀದಿಯವರು ಪಟಾಪಟ್ ಎನ್ನುತ್ತಾರೆ. ಹದಿನೈದು ವರ್ಷದಿಂದ ಅಲ್ಲೇ ಇದ್ದಾನೆ, ನೀವು ಚೀಟಿ ಬಿಡಿಸುವಷ್ಟರಲ್ಲಿ ಔಷಧ ಕಟ್ಟಿ ಕೊಡುತ್ತಾನೆ. ಕೆಟ್ಟವನಲ್ಲ. ಫಾರ್ಮಸಿ ಓದಿದವನೂ ಅಲ್ಲ. ಬೀದಿಯವಳೆಂದು ಆಕೆಯ ಮುಖ ಅವನಿಗೆ ಗೊತ್ತಿತ್ತು, ಹೆಸರು ಗೊತ್ತಿರಲಿಲ್ಲ. ತಲೆಯ ಮೇಲೆ ನೇತಾಡುತ್ತಿದ್ದ ಹೆಸರು ಗೊತ್ತಿತ್ತು, ಅದು ಈಕೆಯದೆಂದು ಗೊತ್ತಿರಲಿಲ್ಲ.

ಬಿಲ್ಲು ಕೈಗೆ ಬಂತು. ಕೆಳಗೆ ನೇರಳೆ ಬಣ್ಣದಲ್ಲಿ ಆಕೆಯದೇ ಸಹಿ. ಕೊನೆಯ ಅಕ್ಷರದ ಬಾಲ ಕೂಡ ಹಾಗೇ ಇತ್ತು. ಕೌಂಟರಿನ ಮೇಲೆ ಇಂಕಿನ ಡಬ್ಬಿಯ ಪಕ್ಕ ರಬ್ಬರ್ ಮುದ್ರೆ. ನೇಮಕದ ಪತ್ರದಲ್ಲಿ ಹಾಕಿದ್ದ ಸಹಿಯನ್ನೇ ಮುದ್ರೆ ಮಾಡಿಸಿದ್ದರು.

ಅಷ್ಟರಲ್ಲಿ ಮೈತುಂಬ ಬಣ್ಣ ಸಿಡಿದಿದ್ದ ಒಬ್ಬ ಪೇಂಟರ್ ಎಂಟು ತಿಂಗಳ ಮಗುವನ್ನು ಹೆಗಲಿಗೆ ಹಾಕಿಕೊಂಡು ಬಂದ. ಮಗುವಿನ ಮುಖ ಕೆಂಪಗೆ ಸುಡುತ್ತಿತ್ತು. ಡಾಕ್ಟರು ಜ್ವರಕ್ಕೆ ಪ್ಯಾರಸಿಟಮಾಲ್ ಸಿರಪ್ ಬರೆದಿದ್ದರು, ಒಂದು ಸಲಕ್ಕೆ ಐದು ಎಂ.ಎಲ್.

"ಸಿರಪ್ ಖಾಲಿ ಅಣ್ಣ. ಡ್ರಾಪ್ಸ್ ಇದೆ, ಅದೇ ಕಂಪನಿ, ಅದೇ ಔಷಧ. ಎರಡೂ ಒಂದೇ." ಪಟಾಪಟ್ ಸಣ್ಣ ಬಾಟಲಿ ಇಟ್ಟ, ಮುದ್ರೆ ಒತ್ತಿದ.

"ಎಷ್ಟು ಹಾಕ್ಬೇಕು?"

"ಚೀಟೀಲಿ ಐದು ಅಂತ ಇದೆಯಲ್ಲ. ಒಂದು ಚಮಚ. ಆರು ಗಂಟೆಗೊಂದು ಸಲ."

ಎರಡೂ ಒಂದೇ ಅಲ್ಲ. ಆ ಸಿರಪ್‌ನ ಐದು ಎಂ.ಎಲ್.ನಲ್ಲಿರುವುದು ನೂರಿಪ್ಪತ್ತೈದು ಮಿಲಿಗ್ರಾಂ ಔಷಧ. ಎಳೆಮಕ್ಕಳಿಗೆ ಸ್ವಲ್ಪವೇ ಕುಡಿಸಿದರೆ ಸಾಕಾಗಲೆಂದು ಮಾಡಿದ ಡ್ರಾಪ್ಸ್ ಗಟ್ಟಿ, ಒಂದೇ ಎಂ.ಎಲ್.ನಲ್ಲಿ ನೂರು. ಅದನ್ನು ಚಮಚ ತುಂಬ ಹಾಕಿದರೆ ನಾಲ್ಕು ಪಟ್ಟು. ಆರಾರು ಗಂಟೆಗೊಮ್ಮೆ ಹಾಕುತ್ತಾ ಹೋದರೆ ಆ ಮಗುವಿನ ಯಕೃತ್ತೇ ಕೆಡಬಹುದು. ಬಿಲ್ಲಿನ ಮೇಲೆ ಈಕೆಯ ಸಹಿ.

ಪೇಂಟರ್ ಮೆಟ್ಟಿಲಿಳಿಯುತ್ತಿದ್ದ. ಆಕೆ ಹೋಗಿ ಬಾಟಲಿಯ ಮೇಲೆ ಕೈಯಿಟ್ಟಳು. "ಇದನ್ನ ಚಮಚದಲ್ಲಿ ಹಾಕ್ಬೇಡಿ ಅಣ್ಣ."

"ನೀವ್ಯಾರ್ರೀ ಹೇಳೋಕೆ?" ಪಟಾಪಟ್ ಒಳಗಿಂದ ಕೂಗಿದ.

ಆಕೆ ಗೋಡೆಯತ್ತ ಬೆರಳು ತೋರಿಸಿದಳು. "ಅವಳು."

ಮಗುವಿನ ತೂಕ ಕೇಳಿದಳು, ಡಾಕ್ಟರಿಗೆ ಫೋನ್ ಮಾಡಿ ಡ್ರಾಪ್ಸ್ ಕೊಡಬಹುದೇ, ಎಷ್ಟು ಎಂದು ಕೇಳಿ ಖಚಿತಪಡಿಸಿಕೊಂಡಳು. ಡಬ್ಬಿಯಲ್ಲೇ ಇದ್ದ ಡ್ರಾಪರ್ ಮೇಲೆ ಪೆನ್ನಿನಿಂದ ಗೆರೆ ಎಳೆದಳು. "ಇಲ್ಲೀವರೆಗೆ. ಇದಕ್ಕಿಂತ ಒಂದು ಹನಿ ಜಾಸ್ತಿ ಬೇಡ. ಉಗಿದ್ರೆ ಗಾಬರಿಯಾಗಿ ಇನ್ನೊಂದ್ಸಲ ಹಾಕ್ಬೇಡಿ, ಮೊದ್ಲು ಡಾಕ್ಟರನ್ನ ಕೇಳಿ. ಕೆನ್ನೆಯ ಒಳಗೆ ನಿಧಾನವಾಗಿ ಬಿಡಿ, ಗಂಟಲಿಗೆ ನೇರ ಅಲ್ಲ." ಔಷಧದ ಲೆಕ್ಕ ಕಾರ್ಖಾನೆ ಕಲಿಸಿದ್ದು. ಉಗಿಯುವ ಮಗುವಿನ ಗಾಬರಿ, ಕೆನ್ನೆಯ ಉಪಾಯ, ಇವನ್ನು ಕಲಿಸಿದ್ದು ಆ ಖಾಲಿ ಜಾಗ.

ಪೇಂಟರ್ ಹೋದ ಮೇಲೆ ಆಕೆ ಸ್ಟೂಲು ಹತ್ತಿ ಚೌಕಟ್ಟನ್ನು ಮೊಳೆಯಿಂದ ಇಳಿಸಿದಳು. ಮುದ್ರೆಯನ್ನೂ ಚೀಲಕ್ಕೆ ಹಾಕಿಕೊಂಡಳು. ಪಟಾಪಟ್ ಫೋನ್ ಮಾಡಿದ, ಯಜಮಾನ ಓಡಿ ಬಂದ. ತಂಗಿ ಆಗಲೇ ಮೇಡಂ ಆಗಿದ್ದಳು.

"ಮೇಡಂ, ಇದೇನಿದು? ಅದಿಲ್ಲದೆ ಚೀಟಿ ಔಷಧ ಒಂದೂ ಮಾರೋ ಹಾಗಿಲ್ಲ ನಾನು!"

"ನಾನಿಲ್ಲದೆ ಮಾರೋ ಹಾಗಿಲ್ಲ ಅಣ್ಣ. ಕಾಗದ ಇಲ್ಲದೆ ಅಲ್ಲ."

"ಎಲ್ಲರೂ ಹೀಗೇ ಮಾಡೋದು."

"ಎಲ್ಲರ ಸಹಿಯೂ ಆ ಬಿಲ್ಲಿನ ಮೇಲಿದೆಯಾ?"

ಮರುದಿನ ಎರಡು ಪತ್ರ ಬರೆದು ತಂದಳು. ಒಂದರಲ್ಲಿ, ಬೆಳಗ್ಗೆ ಒಂಬತ್ತರಿಂದ ನಾಲ್ಕರವರೆಗೆ ತಾನು ಕೌಂಟರಿನಲ್ಲೇ ಇರುವುದಾಗಿ, ಅಷ್ಟು ಹೊತ್ತು ಮಾತ್ರ ತನ್ನ ಹೆಸರು ನಡೆಯುವುದಾಗಿ ಇತ್ತು. ಇನ್ನೊಂದು, ಕೆಲಸ ಬಿಟ್ಟಿರುವುದಾಗಿ ಔಷಧ ಪರವಾನಗಿ ಕಚೇರಿಗೆ. ಮುದ್ರೆಯ ವಿಷಯ ಅದರಲ್ಲೇ ಇತ್ತು. ಯಾವುದು ಬೇಕೋ ಆರಿಸಿಕೊಳ್ಳಿ ಎಂದಳು. ಯಜಮಾನ ಎರಡನ್ನೂ ಮೂರು ಸಲ ಓದಿ ಮೊದಲನೆಯದಕ್ಕೆ ಸಹಿ ಹಾಕಿದ. ಒಪ್ಪಿದ ದಿನಾಂಕ ಮತ್ತು ಸಮಯವನ್ನು ಆಕೆ ಅದೇ ಕಚೇರಿಗೆ ಬರೆದು ತಿಳಿಸಿದಳು. ತನ್ನ ಎರಡು ವಾರದ ತಪ್ಪನ್ನೂ ಅದರಲ್ಲಿ ಬರೆದಳು; ಎಚ್ಚರಿಕೆಯ ಪತ್ರ ಬಂತು, ಅದನ್ನೂ ಇಟ್ಟುಕೊಂಡಿದ್ದಾಳೆ.

ಗಂಡ ಎರಡು ದಿನ ಮುಖ ಊದಿಸಿಕೊಂಡಿದ್ದ. "ಕಾರ್ಖಾನೇಲಿ ಇದ್ದೋಳು ಅಂಗಡೀಲಿ ನಿಂತ್ಕೊಳ್ತೀಯಾ? ಜನ ಏನಂತಾರೆ?"

"ಕಾರ್ಖಾನೇಲಿ ಮಾತ್ರೆ ಸರಿ ಇದೆಯಾ ಅಂತ ನೋಡೋಕೆ ಇಪ್ಪತ್ತು ಜನ ಇದಾರೆ ರೀ. ಅದು ಬಾಯಿಗೆ ಸರಿಯಾಗಿ ಹೋಗುತ್ತಾ ಅಂತ ನೋಡೋಕೆ ಈ ಬೀದೀಲಿ ಯಾರಿದಾರೆ?"

ನಾಲ್ಕು ಗಂಟೆಗೆ ಮಕ್ಕಳು ಶಾಲೆಯಿಂದ ಬರುತ್ತಾರೆ. ಆಕೆ ಚೌಕಟ್ಟನ್ನು ಇಳಿಸಿ ಬಟ್ಟೆಯ ಚೀಲಕ್ಕೆ ಹಾಕಿಕೊಂಡು ಮನೆಗೆ ಹೊರಡುತ್ತಾಳೆ. "ದಿನಾ ಗೋಡೇನೇ ಹೊತ್ಕೊಂಡು ಬರ್ತಾಳೆ ನನ್ನ ಸೊಸೆ," ಎಂದು ಅತ್ತೆ ನಗುತ್ತಾರೆ. ಆದರೆ ಚೀಲವನ್ನು ಮಕ್ಕಳ ಕೈಗೆ ಸಿಗದಂತೆ ಬೀರುವಿನಲ್ಲಿ ಎತ್ತಿಡುವವರು ಅವರೇ. ನಾಲ್ಕರ ಮೇಲೆ ಅಂಗಡಿಯಲ್ಲಿ ಸೋಪು, ಬ್ಯಾಂಡೇಜು ಸಿಗುತ್ತವೆ. ಚೀಟಿಯ ಔಷಧವಿಲ್ಲ, ಸಂಜೆಗೆ ಇನ್ನೊಬ್ಬ ಫಾರ್ಮಸಿಸ್ಟ್ ಸಿಗುವವರೆಗೆ.

ಯಜಮಾನ ತಿದ್ದಿಕೊಂಡ ಎಂದು ನಾನು ಬರೆಯುವುದಿಲ್ಲ. ಕಳೆದ ತಿಂಗಳು ಕ್ಯಾಲೆಂಡರಿನ ಹಿಂದೆ ಆಕೆಗೆ ತನ್ನ ಪ್ರಮಾಣಪತ್ರದ ಬಣ್ಣದ ಜೆರಾಕ್ಸ್ ಸಿಕ್ಕಿತು, ಹೊಸ ಚೌಕಟ್ಟಿನ ಸಮೇತ. ಯಾರು ಮಾಡಿಸಿದರೋ ಯಾರಿಗೂ ಗೊತ್ತಿಲ್ಲವಂತೆ. ಆಕೆ ಅದನ್ನು ಹರಿದು ಯಜಮಾನನ ಮೇಜಿನ ಮೇಲಿಟ್ಟಳು, ಎರಡನೆಯ ಪತ್ರ ಇನ್ನೂ ಚೀಲದಲ್ಲೇ ಇದೆ ಎಂದು ನೆನಪಿಸಿದಳು. ಈಗ ಪಟಾಪಟ್ ಡ್ರಾಪ್ಸ್ ಕೊಡುವಾಗಲೆಲ್ಲ ತಾನೇ ತಿರುಗಿ "ಅಕ್ಕಾ, ಇದೊಂದು ನೋಡಿ" ಎನ್ನುತ್ತಾನೆ. ಅವನನ್ನು ನಂಬಬಹುದೇನೋ. ಯಜಮಾನನನ್ನು ನಂಬಲಾರೆ.

ಆದರೆ ನನ್ನ ಸಿಟ್ಟೆಲ್ಲ ಯಜಮಾನನ ಮೇಲೇ ಅಲ್ಲ. ನಾಲ್ಕು ತಿಂಗಳಿಂದ ಪ್ರತಿ ಸಂಜೆ ಆ ಮೊಳೆ ಖಾಲಿ ಇರುತ್ತದೆ. ನೂರಾರು ಜನ ಅದರ ಎದುರು ನಿಂತು ಹೋಗಿದ್ದಾರೆ. ಹೆಸರೆಲ್ಲಿ ಎಂದು ಕೇಳಿದವನು ಒಬ್ಬನೇ, ಆ ಪೇಂಟರ್. ನೀವು ಕೇಳಲಿಲ್ಲ. ಆಕೆ ಎಷ್ಟು ದಿನ ಒಬ್ಬಳೇ ಚೌಕಟ್ಟು ಹೊತ್ತು ತಿರುಗಬೇಕು?

ನಾಳೆ ನಿಮ್ಮ ಬೀದಿಯ ಅಂಗಡಿಗೆ ಹೋಗಿ. ಚೀಟಿ ಕೊಡುವ ಮುಂಚೆ ಗೋಡೆ ನೋಡಿ, ಹೆಸರನ್ನು ಗಟ್ಟಿಯಾಗಿ ಓದಿ, "ಇವರನ್ನ ಕರೀರಿ" ಅನ್ನಿ. ಆ ಮನುಷ್ಯ ಎದುರಿಗೆ ಬಂದು ನಿಲ್ಲುವವರೆಗೆ ಚೀಟಿಯನ್ನು ಕೈಯಿಂದ ಬಿಡಬೇಡಿ.