ಪುಗಳೇಂದಿ ಬಂದ ದಿನ

ಒಂದು ಇಡೀ ಮನೆಯ ನಾಲಿಗೆಯನ್ನು ಕೆಡಿಸಿದವನು ನಾನು, ಅದೂ ಏಳನೇ ಕ್ಲಾಸಿನಲ್ಲಿ. ಇವತ್ತಿಗೂ ಹಬೆಯಲ್ಲಿ ಬೇಯುವ ಪುಂಡಿ ಕಡುಬಿನ ಘಮ ಮೂಗಿಗೆ ಬಡಿದರೆ ಸಾಕು, ಅಕ್ಕಿ ಹಿಟ್ಟು, ತೆಂಗಿನ ತುರಿ, ಒಲೆಯ ಸೌದೆಯ ಹೊಗೆ ಎಲ್ಲ ಒಟ್ಟಾಗಿ ಕಲ್ಲಡ್ಕದ ಆ ಹೆಂಚಿನ ಮನೆ ಎದ್ದು ನಿಲ್ಲುತ್ತದೆ. ಹಿಂದೆಯೇ ಆ ದಿನದ ಹೆದರಿಕೆಯೂ ಏಳುತ್ತದೆ. ನಾನು ಆಗ ಊರಿನ ಅಧಿಕೃತ ಅಣಕುಗಾರ. ಪುತ್ತೂರು ಬಸ್ಸಿನ ಕಂಡಕ್ಟರು ಮೂಗಿನಿಂದ ಕೂಗುವುದು, ಮೀನಿನವಳು ಬಂಗುಡೆಗೆ ಬೆಲೆ ಹೇಳುವ ಮೊದಲು ನಿಟ್ಟುಸಿರು ಬಿಡುವುದು, ನಮ್ಮ ಹೆಡ್ಮಾಸ್ಟರು ಸಿಟ್ಟು ಬಂದಾಗ ಪುಸ್ತಕದ ಕನ್ನಡಕ್ಕೆ ಜಿಗಿಯುವುದು, ಎಲ್ಲವೂ ನನ್ನ ಗಂಟಲಲ್ಲಿ ಇದ್ದವು. ಕನ್ನಡಿಯ ಮುಂದೆ ನಿಂತು ನನ್ನ ನಗುವನ್ನೇ ಅಣಕಿಸಿ ನಾನೇ ನಗುತ್ತಿದ್ದೆ. ಬೇರೆ ಯಾರೂ ಅಷ್ಟು ನಗದ ಕಾರಣ ಅದು ಅನಿವಾರ್ಯವೂ ಆಗಿತ್ತು.

ನನ್ನ ತಾಯಿಯ, ಅಂದರೆ ಉಮ್ಮನ, ತಮ್ಮ ರಫೀಕ್ ಮಾಮ ಸೌದಿಯ ದಮ್ಮಾಮಿನಲ್ಲಿ ಇದ್ದರು. ಶುಕ್ರವಾರ ನಮಾಜ್ ಮುಗಿದ ಮೇಲೆ ವೀಡಿಯೋ ಕಾಲ್. ಎಷ್ಟೋ ಸಲ ಅವರ ರೂಮಿನ ಜೊತೆಗಾರ, ತಂಜಾವೂರು ಕಡೆಯವನು, ತನ್ನ ಫೋನಿನಿಂದಲೇ ಮಾಡಿಕೊಡುತ್ತಿದ್ದ. ಆಗ ಪರದೆಯ ಮೇಲೆ ಅವನ ಹೆಸರು ಇಂಗ್ಲಿಷಿನಲ್ಲಿ ಉದ್ದಕ್ಕೆ ಮೂಡುತ್ತಿತ್ತು. ಮಧ್ಯೆ ಝಡ್ ಒಂದು, ಎಚ್ ಒಂದು. ನಾನು ಅದನ್ನು ಮಳೆಗೆ ನೆನೆದ ಆಟೋ ಸ್ಟಾರ್ಟ್ ಆಗುವ ಹಾಗೆ ಓದಿದೆ: ‘ಪು... ಜ್ಜ... ಜ್ಜೆಂಡಿ.’ ಉಮ್ಮ ಸೆರಗಿನಲ್ಲಿ ಬಾಯಿ ಮುಚ್ಚಿ ನಕ್ಕರು. ಅವರ ತಾಯಿ, ನಮ್ಮ ಉಮ್ಮಮ್ಮ, ನಗಲಿಲ್ಲ. ಅವರಿಗೆ ಅದು ಅಣಕ ಎಂದೇ ತಿಳಿಯಲಿಲ್ಲ. ದೂರದ ಊರಿನವರ ಹೆಸರು ಹೀಗೂ ಇರಬಹುದು ಎಂದು ನಂಬಿದರು. ಅಂದಿನಿಂದ ನಮಾಜಿನ ಮೇಲೆ ಬೇಡುವ ಪ್ರತಿ ದುವಾದಲ್ಲಿ ಮಗನ ಹೆಸರಿನ ಪಕ್ಕದಲ್ಲಿ ಪುಜ್ಜೆಂಡಿಯನ್ನೂ ಸೇರಿಸಿದರು. ತಿದ್ದುವ ಅಂದರೆ, ಸರಿಯಾದದ್ದು ನನಗೂ ಗೊತ್ತಿರಲಿಲ್ಲ. ಮಾಮ ಅವನನ್ನು ‘ರೂಮಿನವನು’ ಎಂದೇ ಹೇಳುತ್ತಿದ್ದರು.

ಎರಡು ವರ್ಷ ಹೀಗೇ ನಡೆದ ಮೇಲೆ ಮಾಮ ಅಲ್ಲಿಯೇ ಎದೆನೋವಿನಿಂದ ತೀರಿಕೊಂಡರು. ಅಲ್ಲಿಯೇ ಮಣ್ಣಾಯಿತು. ಆಸ್ಪತ್ರೆಯಲ್ಲಿ ಪಕ್ಕದಲ್ಲಿ ಕುಳಿತವನು, ಬಾಯಿಗೆ ಕೊನೆಯ ನೀರು ಬಿಟ್ಟವನು ಆ ಜೊತೆಗಾರ. ಕೆಲವು ತಿಂಗಳ ನಂತರ ಅವನು ರಜೆಯಲ್ಲಿ ಊರಿಗೆ ಹೋಗುವಾಗ ಮಂಗಳೂರಿನಲ್ಲಿ ಇಳಿದು, ಮಾಮನ ಬಟ್ಟೆಬರೆ ಕೊಟ್ಟು ಹೋಗುತ್ತೇನೆಂದು ಹೇಳಿ ಕಳಿಸಿದ. ಆ ಬೆಳಿಗ್ಗೆ ಉಮ್ಮಮ್ಮ ಬಿಳಿ ತಲೆವಸ್ತ್ರ ಹಾಕಿಕೊಂಡು ಚಾವಡಿಯ ಬೆಂಚಿನಲ್ಲಿ ಕುಳಿತು ‘ಪುಜ್ಜೆಂಡಿ, ಪುಜ್ಜೆಂಡಿ’ ಎಂದು ಮೆಲ್ಲಗೆ ಅಭ್ಯಾಸ ಮಾಡುವುದು ಕೇಳಿ ನಾನು ಒಳಗಿನಿಂದ ಓಡಿ ಬಂದೆ.

“ಉಮ್ಮಮ್ಮ, ಹೆಸರು ಎಂತಕೆ? ಮಗನ ಹಾಗೆ ಮೋನೇ ಅಂದರೆ ಸಾಕಲ್ಲ” ಎಂದೆ.

“ನನ್ನ ಮಗನಿಗೆ ನೀರು ಕೊಟ್ಟವನನ್ನು ಹೆಸರಿಲ್ಲದೆ ಕರೆಯುವುದಾ? ಅವನೇನು ದಾರಿಯಲ್ಲಿ ಹೋಗುವವನಾ?”

ಬಸ್ ಸ್ಟಾಪಿಗೆ ಹೋಗಿ ಅವನನ್ನು ಕರೆದು ತರುವ ಕೆಲಸ ನನಗೇ ಬಿತ್ತು. ಬಸ್ಸಿನಿಂದ ಇಳಿದವನು ಕಪ್ಪಗೆ, ಎತ್ತರಕ್ಕಿದ್ದ. ಕೈಯಲ್ಲಿ ಎರಡು ಬ್ಯಾಗು, ಅದರಲ್ಲಿ ಒಂದು ನಮ್ಮ ಮಾಮನದು. ರೂಮಿನಲ್ಲಿ ಕಲಿತ ಮಲಯಾಳದಲ್ಲಿ ತನ್ನ ಹೆಸರು ಹೇಳಿದ. ನಮ್ಮ ಮನೆಮಾತು ಬ್ಯಾರಿಗೆ ಅದು ಹತ್ತಿರದ ಭಾಷೆ, ಮಾತೆಲ್ಲ ಅರ್ಥವಾಯಿತು. ಹೆಸರಿನ ನಡುವಿನ ಒಂದು ಅಕ್ಷರ ಮಾತ್ರ ಮೀನಿನ ಹಾಗೆ ಜಾರಿತು. ನಾನು ಗೊತ್ತಾದವನ ಹಾಗೆ ತಲೆಯಾಡಿಸಿದೆ. ತಲೆಯಾಡಿಸಿದ ಮೇಲೆ ಮತ್ತೆ ಕೇಳಲು ನಾಚಿಕೆ. ಅರ್ಧ ದಾರಿ ‘ಇವರೇ, ಈ ಕಡೆ’, ‘ಇವರೇ, ಚರಂಡಿ ಉಂಟು’ ಎಂದೇ ನಡೆಸಿದೆ. ಅವನು ನನ್ನ ಕಡೆ ಒಮ್ಮೆ ನೋಡಿದ. ಆ ನೋಟ ಸಾಕಾಯಿತು.

“ಅಣ್ಣ, ಬೇಸರ ಮಾಡಬೇಡಿ. ನಿಮ್ಮ ಹೆಸರು ನನಗೆ ಸಿಕ್ಕಲಿಲ್ಲ. ಇನ್ನೊಮ್ಮೆ ಮೆಲ್ಲ ಹೇಳ್ತೀರಾ?”

ಅವನು ಬ್ಯಾಗು ಕೆಳಗಿಟ್ಟ. “ಆಗಲೇ ಕೇಳಬಹುದಿತ್ತಲ್ಲ” ಎಂದು ನಕ್ಕು, ತುಂಡು ತುಂಡು ಮಾಡಿ ಹೇಳಿದ: ಪು, ಗ, ಆಮೇಲೆ ಆ ಜಾರುವ ಅಕ್ಷರ, ಕೊನೆಗೆ ದಿ. ನಾನು ‘ರ’ ಅಂದೆ, ‘ಯ’ ಅಂದೆ. “ನಾಲಿಗೆ ಹಿಂದಕ್ಕೆ ಮಡಚು. ಆದರೆ ಮೇಲೆ ತಾಗಿಸಬೇಡ, ಹಾಗೇ ನಿಲ್ಲಿಸು” ಎಂದ. ನಾನು ಅವನ ಬಾಯಿಯನ್ನೇ ನೋಡಿದೆ. ಜನ್ಮದಲ್ಲಿ ಮೊದಲ ಸಲ ನಗಿಸಲು ಅಲ್ಲದೆ ಸರಿಯಾಗಿ ಹೇಳಲು ಒಬ್ಬನನ್ನು ಅನುಕರಿಸಿದೆ. ಬಾಯಿಯಲ್ಲಿ ಬಿಸಿ ಗೆಣಸು ಇಟ್ಟವನ ಹಾಗೆ ಏನೋ ಬಂತು. “ಹತ್ತಿರ ಬಂದೆ. ಕಷ್ಟವಾದರೆ ನಿಮ್ಮ ಳ ಹಾಕು, ನನಗೆ ಸಾಕು. ಪುಗಳೇಂದಿ ಅನ್ನು. ಝಡ್ ನೋಡಿ ಜ ಅನ್ನುವವರು ಮಾತ್ರ ನನ್ನನ್ನು ಬೇರೆ ಯಾರೋ ಮಾಡಿಬಿಡ್ತಾರೆ” ಎಂದ. ಮನೆಯಲ್ಲಿ ಏನು ಕಾದಿದೆ ಎಂದು ಹೇಳಲು ಅದೇ ಸಮಯ. ನಾನು ಹೇಳದೆ ಮುಂದೆ ನಡೆದೆ.

ಉಮ್ಮಮ್ಮ ಮೆಟ್ಟಿಲು ಇಳಿದು ಅಂಗಳಕ್ಕೇ ಬಂದರು. ಎರಡೂ ಕೈ ಚಾಚಿ, ಇಷ್ಟು ವರ್ಷ ಕೂಡಿಟ್ಟ ಪ್ರೀತಿಯಿಂದ, ಸ್ಪಷ್ಟವಾಗಿ ಕರೆದರು: “ಬಾ, ಪುಜ್ಜೆಂಡಿ.”

ಅವನ ಮುಖದಲ್ಲಿದ್ದ ನಗು ಅಲ್ಲೇ ನಿಂತಿತು. ನಾನು ಮಧ್ಯೆ ಹಾರಿದೆ. ತಪ್ಪಾಯ್ತು ಅಣ್ಣ, ಅದು ನಾನು ಮಾಡಿದ್ದು, ಅವರಿಗೆ ಗೊತ್ತಿಲ್ಲ, ನಾನು ಕತ್ತೆ, ನನಗೆ ಬುದ್ಧಿ ಇಲ್ಲ ಎಂದು ನಿಲ್ಲಿಸದೆ ಒದರಿದೆ, ಅಳುವುದಕ್ಕೂ ಶುರು ಮಾಡಿದೆ. ಪಾಪ, ಅಷ್ಟು ದೂರದಿಂದ ಸತ್ತವನ ಬಟ್ಟೆ ಹೊತ್ತು ತಂದವನು ಬ್ಯಾಗು ಬಿಟ್ಟು ನನ್ನ ಬೆನ್ನು ಸವರಬೇಕಾಯಿತು. ಬಾಗಿಲಲ್ಲಿ ಉಮ್ಮ ತಲೆ ತಗ್ಗಿಸಿ ನಿಂತಿದ್ದರು.

ಉಮ್ಮಮ್ಮ ಮಾತ್ರ ನನ್ನ ಕಡೆ ನೋಡಲೇ ಇಲ್ಲ. ಅವನ ಕೈ ಹಿಡಿದು, “ಹಾಗಾದರೆ ನಿನ್ನ ಹೆಸರು ಎಂತ ಮೋನೇ? ನೀನೇ ಹೇಳು” ಎಂದರು. ಅವನು ಹೇಳಿದ. ಅವರು “ಪುಗಲೇಂದಿ” ಎಂದು ತಿರುಗಿ ಹೇಳಿ, “ಸರಿಯಾ?” ಎಂದು ಕೇಳಿದರು. ಅವನು ಸಂಕೋಚದಿಂದ ಪರವಾಗಿಲ್ಲ ಎಂದ. “ಪರವಾಗಿಲ್ಲ ಬೇಡ, ಸರಿಯಾ ಹೇಳು.” ಅವನು ತಿದ್ದಿದ. ಅವರು ಹಲ್ಲಿಲ್ಲದ ಬಾಯಿಯಲ್ಲಿ ಮತ್ತೆ ಹೇಳಿದರು, ಳ ಕೂತಿತು. ಅವನು ತಲೆಯಾಡಿಸಿದ. “ಇಷ್ಟು ದಿನ ತಪ್ಪಿ ಕರೆದೆವು, ಬೇಸರ ಬೇಡ ಪುಗಳೇಂದಿ. ಕೈಕಾಲು ತೊಳೆದು ಬಾ, ಪುಂಡಿ ತಣಿಯುತ್ತದೆ.” ಅಷ್ಟೇ. ಊಟದ ನಡುವೆ ಹಳೆಯ ಅಭ್ಯಾಸಕ್ಕೆ ಒಮ್ಮೆ “ಪುಜ್ಜ” ಎಂದದ್ದೂ ಉಂಟು. ನಾನು ತುತ್ತು ಬಿಟ್ಟು ಅವನ ಮುಖ ನೋಡಿದೆ. ಅವರು ಅಲ್ಲೇ “ಪುಗಳೇಂದಿ, ಕೋಳಿಸಾರು ಹಾಕಿಕೊ” ಎಂದು ತಿದ್ದಿ ಮುಂದೆ ಹೋದರು. ಅವನೂ ತಟ್ಟೆ ಮುಂದೆ ಮಾಡಿದ. ಆಮೇಲೆ ಮಗನ ಕೊನೆಯ ದಿನಗಳನ್ನು ಕೇಳಿದರು. ಅವನು ಹೇಳುತ್ತಾ ಹೋದ, ಅವರು ಪ್ರತಿ ಪ್ರಶ್ನೆಗೂ ಹೆಸರು ಹಿಡಿದೇ ಕೇಳಿದರು.

ಈಗ ಆ ಅಂಗಳದ ಮೇಲೆ ಹೆದ್ದಾರಿಯ ಮೇಲ್ಸೇತುವೆಯ ಕಂಬ ನಿಂತಿದೆ. ಉಮ್ಮಮ್ಮ ಕಂಬ ಏಳುವ ಮೊದಲೇ ಹೋದರು. ನಿಮ್ಮ ಮನೆಯೂ ಹೀಗೆ ಯಾವುದೋ ರಸ್ತೆಯ ಅಡಿಗೆ ಹೋಗಿದ್ದರೆ ನಿಮಗೆ ಗೊತ್ತಿರುತ್ತದೆ: ಅಲ್ಲಿ ಹಾದುಹೋಗುವಾಗ ಬಸ್ಸಿನವನಿಗೆ ನಿಲ್ಲಿಸು ಎನ್ನಲು ಒಂದು ಗುರುತೂ ಉಳಿದಿರುವುದಿಲ್ಲ. ನಾನು ಯಾರ ಸ್ವರ ಬೇಕಾದರೂ ತೆಗೆಯುತ್ತೇನೆ, ಉಮ್ಮಮ್ಮನದು ಮಾತ್ರ ಬರುವುದಿಲ್ಲ. ಬಂದರೂ ಅರ್ಧಕ್ಕೆ ಒಡೆಯುತ್ತದೆ.

ಆ ಸಂಜೆ ಪುಗಳೇಂದಿ ಹೊರಟು ಅಂಗಳದಲ್ಲಿ ಚಪ್ಪಲಿ ಹಾಕುತ್ತಿದ್ದಾಗ ನನಗೆ ತಡೆಯಲಾಗಲಿಲ್ಲ. ಉಮ್ಮಮ್ಮನ ಕಿವಿಯಲ್ಲಿ, “ನೀವು ಇಷ್ಟು ವರ್ಷ ದುವಾದಲ್ಲಿ ತಪ್ಪು ಹೆಸರು ಹೇಳಿದ್ದೆಲ್ಲ ನನ್ನಿಂದ ಹಾಳಾಯ್ತಲ್ಲ, ಅಣ್ಣನ ಹತ್ತಿರ ಇನ್ನೊಮ್ಮೆ ತಪ್ಪಾಯ್ತು ಹೇಳಲಾ?” ಎಂದೆ. ಅವರು ನನ್ನ ಕಿವಿ ಹಿಡಿದು ತಿರುಗಿಸಿ, ಅವನಿಗೂ ಕೇಳುವ ಹಾಗೆ ಹೇಳಿದರು:

“ಅಲ್ಲಾಹನಿಗೆ ಆಳು ಗೊತ್ತುಂಟು, ಮಾರಾಯ. ಹೆಸರು ಬೇಕಾದದ್ದು ಈ ಪುಗಳೇಂದಿಗೆ. ಹೋಗು, ನಿನ್ನ ತಪ್ಪು ಇಲ್ಲೇ ಬಿಟ್ಟು ಅವನ ಬ್ಯಾಗು ಹಿಡಿ.”