ಹನ್ನೊಂದೋ ಹತ್ತೊಂಬತ್ತೋ

ಗಡಹಿಂಗ್ಲಜದ ಸರಕಾರಿ ಕಚೇರಿಯೊಂದರಲ್ಲಿ ನಾನು ಟೈಪಿಸ್ಟ್ ಆಗಿ ಸೇರಿದಾಗ ಅರವತ್ತರ ದಶಕ ಆಗಷ್ಟೇ ಶುರುವಾಗಿತ್ತು. ನಮ್ಮ ಮನೆ ಕಬನೂರಿನಲ್ಲಿ. ಅಣ್ಣಂದಿರಿಬ್ಬರೂ ಇಚಲಕರಂಜಿಯ ಮಗ್ಗದ ಶೆಡ್ಡುಗಳಲ್ಲಿ ಪಾಳಿಯ ಮೇಲೆ ದುಡಿಯುತ್ತಿದ್ದರು. ಮಗ್ಗದ ಸದ್ದು ನನಗೆ ಒಗ್ಗಲಿಲ್ಲ. ಕೊಲ್ಹಾಪುರದಲ್ಲಿ ಮರಾಠಿ ಟೈಪಿಂಗ್ ಕಲಿತು, ಪರೀಕ್ಷೆ ಪಾಸು ಮಾಡಿ, ಆ ನೌಕರಿ ಹಿಡಿದೆ. ಕೈ ಚುರುಕಾಗಿತ್ತು, ಅದರ ಹೆಮ್ಮೆಯೂ ಇತ್ತು.

ಕಚೇರಿಯ ಹಿರಿಯ ಗುಮಾಸ್ತರನ್ನು ಎಲ್ಲರೂ ಅಣ್ಣಾ ಎನ್ನುತ್ತಿದ್ದರು. ನಿವೃತ್ತಿಗೆ ಎರಡು ವರ್ಷ ಉಳಿದಿದ್ದ, ಮೆಲ್ಲಗೆ ಮಾತಾಡುವ ಮನುಷ್ಯ. ನನ್ನ ಯಂತ್ರದ ಮೇಲಿನ ಗೋಡೆಗೆ ಅವರು ಒಂದು ರಟ್ಟು ಹೊಡೆಸಿದ್ದರು. ಪತ್ರ ಹೊರಗೆ ಹೋಗುವ ಮುಂಚೆ ನೋಡಬೇಕಾದದ್ದೆಲ್ಲ ಅದರಲ್ಲಿತ್ತು. ಹೆಸರನ್ನು ಕರಡಿನೊಂದಿಗಲ್ಲ, ಮೂಲ ಅರ್ಜಿಯೊಂದಿಗೆ ತಾಳೆ ನೋಡಬೇಕು. ತಂದೆಯ ಹೆಸರು, ಊರು ಬಿಡಬಾರದು. ಸರ್ವೆ ನಂಬರನ್ನು ಒಂದೊಂದೇ ಅಂಕಿಯಾಗಿ ಗಟ್ಟಿಯಾಗಿ ಓದಬೇಕು. ತಾರೀಖಿನ ಎದುರು ವಾರ ಬರೆದು ಕ್ಯಾಲೆಂಡರಿಗೆ ಹೊಂದಿಸಬೇಕು. ಹಿಂದಿನ ಪತ್ರದ ನಂಬರು, ಅದರ ತಾರೀಖು, ಜೊತೆಗಿಟ್ಟ ಕಾಗದಗಳ ಎಣಿಕೆ ನೋಡಬೇಕು. ಒಂದು ಪ್ರತಿ ತಿದ್ದಿದರೆ ಕಾರ್ಬನ್ ಪ್ರತಿಗಳನ್ನೂ ತಿದ್ದಬೇಕು. ಒಬ್ಬರು ಮೂಲವನ್ನು ಓದಬೇಕು, ಇನ್ನೊಬ್ಬರು ಟೈಪಾದದ್ದರ ಮೇಲೆ ಬೆರಳಿಟ್ಟು ನೋಡಬೇಕು. ಕಚೇರಿ ಪ್ರತಿಯ ಕೆಳಗೆ ಇಬ್ಬರೂ ಚಿಕ್ಕ ಸಹಿ ಹಾಕಿದ ಮೇಲೆಯೇ ಅದು ಸಾಹೇಬರ ಮೇಜಿಗೆ ಹೋಗಬೇಕು.

ಅದೊಂದು ಗುರುವಾರ, ತಾರೀಖು ಏಳು. ಉತ್ತೂರಿನ ಕುರುಬನೊಬ್ಬನ ಜಮೀನಿನ ತಕರಾರು ನಮ್ಮಲ್ಲಿತ್ತು. ಎದುರಿನವರು ಕೊಲ್ಹಾಪುರದ ವಕೀಲರನ್ನು ಇಟ್ಟಿದ್ದರು. ಒಮ್ಮೆ ಮುಂದೆ ಹೋಗಿದ್ದ ವಿಚಾರಣೆಗೆ ಸಾಹೇಬರು ಹೊಸ ತಾರೀಖು ಕೊಟ್ಟಿದ್ದರು. ಆ ನೋಟೀಸು ಟೈಪ್ ಮಾಡಿದವನು ನಾನು. ನನ್ನ ಜೊತೆ ಓದುವ ಗುಮಾಸ್ತ ರಜೆಯಲ್ಲಿದ್ದ. ಅಣ್ಣಾ ಕೊಲ್ಹಾಪುರಕ್ಕೆ ಕಳಿಸುವ ವರದಿಯೊಂದರಲ್ಲಿ ಮುಳುಗಿದ್ದರು.

"ಓದಿ ನೋಡಿದ್ಯೇನಪಾ?" ಎಂದರು ತಲೆ ಎತ್ತದೆ.

"ಹೌದ್ರಿ, ನೋಡೇನಿ," ಎಂದೆ. ಒಬ್ಬನೇ ಕಣ್ಣಾಡಿಸಿದ್ದೆ, ಅಷ್ಟೆ. ಅವರು ಚಿಕ್ಕ ಸಹಿ ಹಾಕಿದರು, ಸಾಹೇಬರು ದೊಡ್ಡ ಸಹಿ ಹಾಕಿದರು. ಲಕೋಟೆಗಳು ಮಧ್ಯಾಹ್ನ ರಿಜಿಸ್ಟರ್ ಟಪಾಲಿಗೆ ಹೋದವು.

ಎರಡು ಗಂಟೆಯ ಹೊತ್ತಿಗೆ ಜಾವಕ ಪುಸ್ತಕದಲ್ಲಿ, ಅಂದರೆ ಹೊರಹೋದ ಪತ್ರಗಳ ದಾಖಲೆಯಲ್ಲಿ, ಆ ನೋಟೀಸಿನ ಸಾರ ಬರೆಯುತ್ತಿದ್ದೆ. ವಿಚಾರಣೆ, ಸೋಮವಾರ, ತಾರೀಖು ಹತ್ತೊಂಬತ್ತು. ಬರೆದು ಸುಮ್ಮನೆ ಗೋಡೆಯ ಕ್ಯಾಲೆಂಡರಿನ ಕಡೆ ನೋಡಿದೆ. ಹತ್ತೊಂಬತ್ತು ಮಂಗಳವಾರವಾಗಿತ್ತು.

ಫೈಲಿನಿಂದ ಕರಡು ತೆಗೆದೆ. ಸಾಹೇಬರ ಅಕ್ಷರದಲ್ಲಿ ಮರಾಠಿಯ ಒಂದೂ ಒಂಬತ್ತೂ ಅಣ್ಣತಮ್ಮಂದಿರ ಹಾಗೆ ಇರುತ್ತಿದ್ದವು. ಬೆಳಕಿಗೆ ಹಿಡಿದು ನೋಡಿದೆ. ಹನ್ನೊಂದು. ಸೋಮವಾರ ಹನ್ನೊಂದು, ಇನ್ನು ನಾಲ್ಕೇ ದಿನ. ವಕೀಲರಿಗೆ ಹಿಂದಿನ ವಾರವೇ ಬಾಯಿಂದ ತಾರೀಖು ಗೊತ್ತಾಗಿತ್ತು, ಅವರು ಬಂದೇ ಬರುತ್ತಿದ್ದರು. ಕುರುಬ ಮಾತ್ರ ಎಂಟು ದಿನ ತಡವಾಗಿ ಬರುತ್ತಿದ್ದ. ಅಷ್ಟರಲ್ಲಿ ಅವನ ಗೈರುಹಾಜರಿಯಲ್ಲೇ ತೀರ್ಪು ಬರೆದಾಗಿರುತ್ತಿತ್ತು.

ಪೋಸ್ಟ್ ಆಫೀಸಿಗೆ ಸೈಕಲ್ ಹೊಡೆದೆ. ಚೀಲ ಮೊಹರಾಗಿ ಆಗಲೇ ಬಸ್ಸಿನಲ್ಲಿ ಹೋಗಿತ್ತು. ತಿರುಗಿ ಬಂದು ಅಣ್ಣಾರ ಮುಂದೆ ನಿಂತು ಎಲ್ಲ ಹೇಳಿದೆ. ಓದದೆಯೇ ಓದಿದೆನೆಂದು ಹೇಳಿದ್ದನ್ನೂ ಹೇಳಿದೆ.

ಅವರು ಕಚೇರಿ ಪ್ರತಿ ತೆಗೆದು ತಮ್ಮ ಚಿಕ್ಕ ಸಹಿಯನ್ನೇ ಬಹಳ ಹೊತ್ತು ನೋಡಿದರು. "ಸಾಹೇಬ್ರು ನಾಕಕ್ಕ ಆಜರಾಕ್ಕ ಹೊಂಟಾರ. ನಮ್ಮ ಸಿಪಾಯಿ ಉತ್ತೂರಿಗೆ ಹೋಗೂ ಬಸ್ಸು ನಾಕೂವರಿಗೆ. ಶುದ್ಧಿಪತ್ರ ಟೈಪ್ ಮಾಡು."

ತಿದ್ದುಪಡಿಯ ಆ ಪತ್ರ ಐದು ಸಾಲಿನದು. ಹತ್ತು ನಿಮಿಷದಲ್ಲಿ ಹೊಡೆದೆ. ಗಡಿಯಾರ ಮೂರೂವರೆ ದಾಟಿತ್ತು. ನಾನು ಹಾಳೆ ಎಳೆದು ಸಾಹೇಬರ ಕೋಣೆಯತ್ತ ಹೊರಟಾಗ ಅಣ್ಣಾ ಕೈ ಅಡ್ಡ ಹಿಡಿದರು.

"ಕೂಡು. ಓದೂನು."

"ಅಣ್ಣಾ, ಸಾಹೇಬ್ರು ಜೀಪಿನ ಕಡೆ ಹೊಂಟಾರ್ರಿ."

"ಹೊಂಡ್ಲಿ ಬಿಡು. ಮೂಲ ಅರ್ಜಿ ತಗಿ."

"ಬೆಳಗಿನ ನೋಟೀಸು ಇಲ್ಲೇ ಐತ್ರಿ, ಅದರಾಗಿಂದಾನ ಬರದೇನಿ."

"ತಪ್ಪಿದ್ದ ಕಾಗದಾ ನೋಡಿ ತಪ್ಪ ತಿದ್ದತೀಯೇನು? ಅರ್ಜಿ ತಗಿ."

ಹಳೆಯ ಫೈಲು ಕಪಾಟಿನಿಂದ ಸಿಗಲಿಕ್ಕೆ ಐದು ನಿಮಿಷ ಹಿಡಿಯಿತು. ಹೊರಗೆ ಜೀಪು ಶುರುವಾದ ಸದ್ದು. ಅಣ್ಣಾ ಅರ್ಜಿ ಬಿಡಿಸಿ, ಶಾಲೆಯ ಮಕ್ಕಳಿಗೆ ಹೇಳುವ ಹಾಗೆ ನಿಧಾನವಾಗಿ ಓದತೊಡಗಿದರು. "ಸರ್ವೆ ನಂಬರು. ಒಂದು. ಏಳು. ನಾಕು." ನನ್ನ ಬೆರಳು ಅಂಕಿಗಳ ಕೆಳಗೆ ಸರಿಯಿತು. ಸರಿ ಇತ್ತು. ಹಿಂದಿನ ಪತ್ರದ ನಂಬರು, ತಾರೀಖು, ಸರಿ. ಸೋಮವಾರ, ಒಂದು, ಒಂದು, ಸರಿ. ಆಮೇಲೆ ಅರ್ಜಿದಾರನ ಹೆಸರು ಓದಿದರು, ಅವನ ತಂದೆಯ ಹೆಸರು ಓದಿದರು. ನನ್ನ ಬೆರಳು ನಿಂತುಬಿಟ್ಟಿತು.

ಹಾಳೆಯಲ್ಲಿ ತಂದೆಯ ಹೆಸರು ಬೇರೆಯಾಗಿತ್ತು.

ಉತ್ತೂರಿನಲ್ಲಿ ಅರ್ಜಿದಾರನ ಹೆಸರಿನವರು ಇಬ್ಬರಿದ್ದರು, ಇಬ್ಬರೂ ಕುರುಬರು. ಇನ್ನೊಬ್ಬ ಹಿಂದೆ ಯಾವುದೋ ಪ್ರಕರಣದಲ್ಲಿ ಸಾಕ್ಷಿಯಾಗಿದ್ದ, ಅವನ ವಿಳಾಸ ಕರಡಿನೊಳಗೆ ಹೇಗೋ ನುಸುಳಿತ್ತು. ಮಧ್ಯಾಹ್ನ ಹೋದ ಲಕೋಟೆ ಹೋಗಿದ್ದು ಆ ಇನ್ನೊಬ್ಬನಿಗೆ. ನಾನು ಅವಸರದಲ್ಲಿ ಓಡಿದ್ದರೆ ಸರಿಯಾದ ತಾರೀಖೂ ಅವನ ಮನೆಗೇ ಹೋಗುತ್ತಿತ್ತು.

ಅಣ್ಣಾ ಎದ್ದು ಚಪ್ಪಲಿ ಮೆಟ್ಟದೆ ಅಂಗಳಕ್ಕೆ ಇಳಿದು ಜೀಪಿನ ಮುಂದೆ ನಿಂತರು. ಅವರು ಏನು ಹೇಳಿದರೋ ನನಗೆ ಕೇಳಲಿಲ್ಲ, ನಾನು ಹೊಸ ಹಾಳೆ ತುರುಕಿ ಹೊಡೆಯುತ್ತಿದ್ದೆ. ಈ ಸಲವೂ ಅವರು ಒಳಗೆ ಬಂದು ಮೊದಲಿನಿಂದ ಕೊನೆಯವರೆಗೆ ಓದಿಸಿದರು. ಸಾಹೇಬರು ಜೀಪಿನ ಬಾನೆಟ್ಟಿನ ಮೇಲೆ ಹಾಳೆ ಇಟ್ಟು ಸಹಿ ಮಾಡಿದರು. "ಚೂಕ ಕುಣಾಚಿ?" ತಪ್ಪು ಯಾರದು ಎಂದು ಕೇಳಿದರು. ನಾನು ಬಾಯಿ ತೆರೆಯುವ ಮುಂಚೆ ಅಣ್ಣಾ, "ಸಹಿ ನಂದ ಐತ್ರಿ," ಎಂದರು.

ಸಿಪಾಯಿ ಹೊರಡುತ್ತಿದ್ದ ಬಸ್ಸನ್ನು ಓಡಿ ಹಿಡಿದ. ಮರುದಿನ ಬೆಳಿಗ್ಗೆ ಬಂದು, ಕುರುಬನ ಹೆಬ್ಬೆಟ್ಟಿನ ಗುರುತಿದ್ದ ಪೋಚ್ ಪಾವತಿ, ಅಂದರೆ ಕಾಗದ ಮುಟ್ಟಿದ ರಸೀದಿ, ನನ್ನ ಮೇಜಿನ ಮೇಲಿಟ್ಟ. ತಂದೆಯ ಹೆಸರು ಮೂರು ಸಲ ಕೇಳಿಯೇ ಕೊಟ್ಟೆನೆಂದ. ಇನ್ನೊಬ್ಬನ ಮನೆಗೆ ಬೀಗವಿತ್ತಂತೆ, ಕುರಿ ಹೊಡೆದುಕೊಂಡು ಹೋಗಿದ್ದನಂತೆ. ಟಪಾಲಿನಲ್ಲಿ ಬರುವ ಕಾಗದ ಅವನದಲ್ಲವೆಂದು ನೆರೆಯವರಿಗೆ ಹೇಳಿ ಬಂದಿದ್ದ.

ಸೋಮವಾರ ಕಚೇರಿ ತೆರೆಯುವ ಮುಂಚೆಯೇ ಕುರುಬ ಕಟ್ಟೆಯ ಮೇಲೆ ಕಂಬಳಿ ಹಾಸಿ ಕೂತಿದ್ದ. ಅವನ ಮಾತು ಅರ್ಧ ಗಂಟೆ ನಡೆಯಿತು. ಮುಂದೆ ತೀರ್ಪು ಅವನ ಕಡೆಗೇ ಆಯಿತು. ಅಣ್ಣಾರಿಗೆ ಲಿಖಿತ ಎಚ್ಚರಿಕೆ ಬಂತು. ಅದನ್ನೂ ನನ್ನಿಂದಲೇ ಟೈಪ್ ಮಾಡಿಸಿದರು, ತಮ್ಮ ಹೆಸರನ್ನು ತಾವೇ ಗಟ್ಟಿಯಾಗಿ ಓದಿದರು. ನನ್ನ ಕಣ್ಣು ತುಂಬಿ ಹಾಳೆ ಕಾಣಲಿಲ್ಲ.

ಹತ್ತೊಂಬತ್ತನೆಯ ತಾರೀಖು, ಮಂಗಳವಾರ. ಮುದುಕನೊಬ್ಬ ಬಾಗಿಲಲ್ಲಿ ನಿಂತು ಮಡಿಸಿದ ಕಾಗದ ಚಾಚಿದ. ನನ್ನ ಮೊದಲ ನೋಟೀಸು. ಕುರಿ ಮೇಯಿಸುವಲ್ಲಿಗೇ ಪೋಸ್ಟಮನ್ ಹುಡುಕಿಕೊಂಡು ಹೋಗಿ ಕೊಟ್ಟಿದ್ದನಂತೆ. ನೆರೆಯವರ ಮಾತು ಅವನಿಗೆ ಮುಟ್ಟಿರಲಿಲ್ಲ. ಕುರಿಗಳನ್ನು ಅಳಿಯನಿಗೆ ಒಪ್ಪಿಸಿ ನಡೆದೇ ಬಂದಿದ್ದ.

"ಕಾಗದದಾಗ ಸೋಮವಾರ ಐತಂತ, ಅವತ್ತ ಹೋಗ್ಲೇನು ಅಂತ ಕೇಳಿದ್ನಿರಿ. ಓದಿದಾಂವ ತಾರೀಖ ಹಿಡದ ಹೋಗಂದಾ," ಎಂದ. "ನಾ ಏನ್ ತಪ್ಪ ಮಾಡೇನ್ರಿ ಸಾಹೇಬ?"

ನಾನು ಎದ್ದು ನನ್ನ ಕುರ್ಚಿ ಅವನತ್ತ ಸರಿಸಿದೆ. "ನೀವೇನೂ ಮಾಡಿಲ್ರಿ, ಯಜಮಾನ್ರ. ತಪ್ಪ ನಂದು," ಎಂದೆ. ಅವನು ಕುರ್ಚಿಯಲ್ಲಿ ಕೂಡಲಿಲ್ಲ. ಗೋಡೆಗೆ ಒರಗಿ ಕೆಳಗೆ ಕೂತು, ಮೊದಲು ಕುಡಿಯಲು ನೀರು ಕೇಳಿದ.